ಚೆಲ್ಲಿದ ಟೋನರ್ ಪುಡಿಯ ಶುಚಿಕಾರ್ಯ

ಲೇಸರ್ ಪ್ರಿಂಟರ್ ಮತ್ತು ಜೆರಾಕ್ಸ್ ಯಂತ್ರಗಳಲ್ಲಿ ಅಕ್ಷರ ಮೂಡಿಸುವ ಒಣ ಕರಿಪುಡಿಗೆ ಟೋನರ್ ಎಂದು ಹೆಸರು. ಅದು ಕಾರ್ಟ್ರಿಜ್‌ನಿಂದಲೋ ರೀಫಿಲ್ ಬಾಟಲಿಯಿಂದಲೋ ಹೊರಚೆಲ್ಲಿದಾಗ ಗಾಳಿಗೆ ಏಳಿಸದೆ, ಬಿಸಿ ತಾಕಿಸದೆ, ಉಜ್ಜಿ ಹರಡದೆ ತೆಗೆಯುವ ಕ್ರಮವೇ ಟೋನರ್ ಶುಚಿಕಾರ್ಯ. ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳಲ್ಲಿ ತಾಲ್ಲೂಕು ಕಚೇರಿ, ಉಪನೋಂದಣಾಧಿಕಾರಿ ಕಚೇರಿ, ನ್ಯಾಯಾಲಯ ಮತ್ತು ಕಾಲೇಜುಗಳ ಸುತ್ತಲಿನ ಜೆರಾಕ್ಸ್ ಅಂಗಡಿಗಳು, ನಾಡಕಚೇರಿಗಳು ಹಾಗೂ ಶಾಲಾ ಕಚೇರಿಗಳಿಗೆ ಈ ಕೆಲಸ ಆಗಾಗ ಎದುರಾಗುತ್ತದೆ. ಈ ಲೇಖನ ಆ ಪರಿಸರವನ್ನು, ಅದರಲ್ಲೂ ಇಲ್ಲಿನ ಗಡಸುನೀರು, ಬೇಸಿಗೆಯ ಬಿಸಿಲು ಮತ್ತು ಸದಾ ತಿರುಗುವ ಫ್ಯಾನನ್ನು, ಮುಂದಿಟ್ಟುಕೊಂಡಿದೆ.

ಹಿನ್ನೆಲೆ

ಒಣ ಪುಡಿಯಿಂದ ಪ್ರತಿ ತೆಗೆಯುವ ವಿಧಾನವನ್ನು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್‌ನ ಅಸ್ಟೋರಿಯಾದಲ್ಲಿ ಮೊದಲ ಬಾರಿಗೆ ಯಶಸ್ವಿಯಾಗಿ ಮಾಡಿ ತೋರಿಸಿದರು. ಗಂಧಕ ಲೇಪಿಸಿದ ಸತುವಿನ ಫಲಕವನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ತುಂಬಿ, ಬೆಳಕು ಬಿಟ್ಟು, ಮೇಲೆ ಲೈಕೊಪೋಡಿಯಂ ಎಂಬ ಸಸ್ಯದ ಬೀಜಕಪುಡಿ ಉದುರಿಸಿದಾಗ ಅಕ್ಷರವಿದ್ದ ಕಡೆ ಮಾತ್ರ ಪುಡಿ ನಿಂತಿತು. ಅದನ್ನು ಮೇಣದ ಕಾಗದಕ್ಕೆ ಒತ್ತಿ, ಬಿಸಿ ಮಾಡಿ ಅಂಟಿಸಲಾಯಿತು. ಈ ವಿಧಾನಕ್ಕೆ ಮುಂದೆ ಜೆರಾಗ್ರಫಿ ಎಂಬ ಹೆಸರು ಬಂದಿತು. ಗ್ರೀಕ್ ಭಾಷೆಯಲ್ಲಿ ‘ಜೆರೋಸ್’ ಎಂದರೆ ಒಣಗಿದ್ದು, ‘ಗ್ರಾಫೈನ್’ ಎಂದರೆ ಬರೆಯುವುದು. ಅಂಗಡಿಯ ಬೋರ್ಡಿನ ಮೇಲಿರುವ ‘ಜೆರಾಕ್ಸ್’ ಎಂಬ ಪದದಲ್ಲೇ ಒಣತನದ ಅರ್ಥ ಅಡಗಿದೆ. ಚೆಲ್ಲಿದ ಪುಡಿಯನ್ನು ತೆಗೆಯುವಾಗ ನೆನಪಿಡಬೇಕಾದ ಮೊದಲ ಮಾತೂ ಅದೇ.

ಲೇಸರ್ ಕಿರಣದಿಂದ ಇದೇ ಕೆಲಸ ಮಾಡಿಸುವ ಪ್ರಿಂಟರನ್ನು ಗ್ಯಾರಿ ಸ್ಟಾರ್ಕ್‌ವೆದರ್ ಜೆರಾಕ್ಸ್ ಸಂಸ್ಥೆಯಲ್ಲಿ ರೂಪಿಸಿದರು. 1984ರಲ್ಲಿ ಎಚ್‌ಪಿ ಹೊರತಂದ ಲೇಸರ್‌ಜೆಟ್ ಆ ಯಂತ್ರವನ್ನು ಮೇಜಿನ ಮೇಲೆ ಕೂರಿಸಿತು. ಕರ್ನಾಟಕದಲ್ಲಿ 2000ದ ಹೊತ್ತಿಗೆ ಆರಂಭವಾದ ಭೂಮಿ ಯೋಜನೆ ಕೈಬರಹದ ಪಹಣಿಯ ಜಾಗಕ್ಕೆ ಮುದ್ರಿತ ಪಹಣಿಯನ್ನು ತಂದಿತು. ಜಾತಿ, ಆದಾಯ ಪ್ರಮಾಣಪತ್ರಗಳೂ ಅದೇ ದಾರಿ ಹಿಡಿದವು. ಹೀಗೆ ಹೋಬಳಿ ಮಟ್ಟದವರೆಗೂ ಲೇಸರ್ ಪ್ರಿಂಟರ್ ಬಂತು, ಅದರ ಬೆನ್ನಿಗೇ ಖಾಲಿಯಾದ ಕಾರ್ಟ್ರಿಜ್‌ಗೆ ಬಾಟಲಿಯಿಂದ ಪುಡಿ ತುಂಬುವ ರೀಫಿಲ್ ಕೆಲಸವೂ ಬಂತು. ಪುಡಿ ಹೆಚ್ಚಾಗಿ ಚೆಲ್ಲುವುದು ಮುದ್ರಣದಲ್ಲಲ್ಲ, ಈ ರೀಫಿಲ್ ಕೆಲಸದಲ್ಲಿ.

ಪುಡಿಯ ರಚನೆ

ಟೋನರ್ ಶಾಯಿಯಲ್ಲ, ಮಸಿಯೂ ಅಲ್ಲ. ಅದರ ಬಹುಪಾಲು ಪ್ಲಾಸ್ಟಿಕ್. ಸ್ಟೈರೀನ್–ಅಕ್ರಿಲೇಟ್ ಅಥವಾ ಪಾಲಿಯೆಸ್ಟರ್ ಜಾತಿಯ ರಾಳವನ್ನು ಬಣ್ಣದೊಂದಿಗೆ ಬೆರೆಸಿ ನುಣ್ಣಗೆ ಮಾಡಿದ ಪುಡಿ ಅದು. ಕಪ್ಪು ಬಣ್ಣ ಬರುವುದು ಕಾರ್ಬನ್ ಬ್ಲ್ಯಾಕ್‌ನಿಂದ ಅಥವಾ ಕಬ್ಬಿಣದ ಆಕ್ಸೈಡ್‌ನಿಂದ. ಜೊತೆಗೆ ಸ್ವಲ್ಪ ಮೇಣ, ಆವೇಶವನ್ನು ಹದದಲ್ಲಿಡುವ ವಸ್ತು ಮತ್ತು ಕಣಗಳು ಒಂದಕ್ಕೊಂದು ಅಂಟದಂತೆ ಮೇಲ್ಮೈಗೆ ಲೇಪಿಸಿದ ಅತಿ ನುಣುಪಾದ ಸಿಲಿಕ ಇರುತ್ತವೆ. ಒಂದೊಂದು ಕಣ ಸುಮಾರು 5ರಿಂದ 10 ಮೈಕ್ರೋಮೀಟರ್. ತಲೆಗೂದಲಿನ ದಪ್ಪ 70 ಮೈಕ್ರೋಮೀಟರ್ ಎಂದಿಟ್ಟುಕೊಂಡರೆ ಅದರ ಅಡ್ಡಕ್ಕೆ ಹತ್ತು ಕಣಗಳು ಸಾಲಾಗಿ ಕೂರುತ್ತವೆ.

ಶುಚಿಕಾರ್ಯದ ನಿಯಮಗಳೆಲ್ಲ ಈ ರಚನೆಯಿಂದಲೇ ಹುಟ್ಟುತ್ತವೆ. ಕಣ ಅಷ್ಟು ಸಣ್ಣದಾದ್ದರಿಂದ ಊದಿದರೆ, ಗುಡಿಸಿದರೆ, ಫ್ಯಾನ್ ತಿರುಗಿದರೆ ಗಾಳಿಗೆ ಏಳುತ್ತದೆ, ಮತ್ತೆ ಕೂರಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ. ಆವೇಶ ಹಿಡಿದಿಡುವಂತೆ ತಯಾರಾದದ್ದರಿಂದ ಪಾಲಿಯೆಸ್ಟರ್ ಅಂಗಿ, ಪ್ಲಾಸ್ಟಿಕ್ ಕುರ್ಚಿ, ಮಾನಿಟರ್ ಪರದೆಗಳಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಸಿಲಿಕದ ಲೇಪ ನೀರನ್ನು ದೂಡುವುದರಿಂದ ಬರಿ ನೀರು ಬಿದ್ದರೆ ಪುಡಿ ಕರಗದೆ ಮೇಲೆ ತೇಲುತ್ತದೆ, ನೀರು ಹರಿದಲ್ಲೆಲ್ಲ ಹರಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಶಾಖ. ಪ್ರಿಂಟರ್‌ನ ಫ್ಯೂಸರ್ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪುಡಿಯನ್ನು ಕಾಗದದ ನಾರಿಗೆ ಕರಗಿಸಿ ಅಂಟಿಸುತ್ತದೆ. ಆದರೆ ರಾಳ ಮೆತ್ತಗಾಗಲು ಅಷ್ಟು ಶಾಖ ಬೇಕಿಲ್ಲ, 50ರಿಂದ 65 ಡಿಗ್ರಿಯ ಆಸುಪಾಸಿನಲ್ಲೇ ಅದು ಗಡಸುತನ ಬಿಡತೊಡಗುತ್ತದೆ. ಬಟ್ಟೆಯ ಮೇಲಿನ ಪುಡಿಗೆ ಇಸ್ತ್ರಿಪೆಟ್ಟಿಗೆ ತಾಕಿದರೆ ಅದೂ ಒಂದು ಫ್ಯೂಸರೇ.

ಇನ್ನೊಂದು ಗುಣ ಕೆಲಸಕ್ಕೆ ಬರುತ್ತದೆ. ಎಚ್‌ಪಿ 12ಎ, 88ಎ ಕಾರ್ಟ್ರಿಜ್‌ಗಳಂಥವುಗಳ ಪುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಇರುವುದರಿಂದ ಅದು ಆಯಸ್ಕಾಂತಕ್ಕೆ ಅಂಟುತ್ತದೆ. ಕಾರ್ಟ್ರಿಜ್‌ನೊಳಗಿನ ಮ್ಯಾಗ್ನೆಟಿಕ್ ರೋಲರ್ ಪುಡಿಯನ್ನು ಹೊತ್ತೊಯ್ಯುವುದು ಇದೇ ಬಲದಿಂದ. ಬಣ್ಣದ ಟೋನರ್‌ಗಳಿಗೆ ಈ ಗುಣವಿಲ್ಲ, ಕೆಲವು ತಯಾರಕರ ಕಪ್ಪು ಟೋನರ್‌ಗಳಿಗೂ ಇಲ್ಲ.

ಚೆಲ್ಲುವ ಬಗೆಗಳು

ಮೊದಲನೆಯದು ರೀಫಿಲ್ ಚೆಲ್ಲು. 12ಎ ಕಾರ್ಟ್ರಿಜ್‌ನ ಪಕ್ಕದ ಪಿನ್ನು ತೆಗೆದು ಎರಡು ಭಾಗ ಮಾಡಿ, ಒಂದರಲ್ಲಿ ಹೊಸ ಪುಡಿ ತುಂಬುವಾಗ ಬಾಟಲಿ ಜಾರುವುದು ಅಥವಾ ಇನ್ನೊಂದರಲ್ಲಿ ಸೇರಿದ ಹಳೆಯ ಪುಡಿಯನ್ನು ಸುರಿಯುವಾಗ ಹಾರುವುದು. ಇಲ್ಲಿ ಚಮಚಗಟ್ಟಲೆ ಪುಡಿ ಒಂದೇ ಕಡೆ ಬೀಳುತ್ತದೆ.

ಎರಡನೆಯದು ಸೋರಿಕೆ. ಪುಡಿ ಪ್ರಿಂಟರ್‌ನ ಒಳಗೇ ದಿನವೂ ಸ್ವಲ್ಪಸ್ವಲ್ಪ ಉದುರುತ್ತದೆ. ಹಳೆಯ ಪುಡಿಯ ಕೋಣೆಯನ್ನು ಖಾಲಿ ಮಾಡದೆ ಮತ್ತೆಮತ್ತೆ ತುಂಬಿದ್ದು, ಬ್ಲೇಡ್ ಸವೆದದ್ದು, ತುದಿಯ ಸೀಲ್ ಕಿತ್ತದ್ದು ಇದಕ್ಕೆ ಕಾರಣಗಳು. ಕಾರ್ಟ್ರಿಜ್ಜನ್ನು ಹಳೆಯ ಪತ್ರಿಕೆಯ ಮೇಲೆ ಅಡ್ಡಡ್ಡ ಹಿಡಿದು ಮೆಲ್ಲಗೆ ನಾಲ್ಕೈದು ಸಲ ಓಲಾಡಿಸಿದರೆ ಗೊತ್ತಾಗುತ್ತದೆ. ಪುಡಿ ಉದ್ದಕ್ಕೆ ಗೆರೆಯಾಗಿ ಬಿದ್ದರೆ ಬ್ಲೇಡಿನ ದೋಷ, ಎರಡು ತುದಿಗಳಿಂದ ಬಿದ್ದರೆ ಸೀಲಿನ ದೋಷ. ಸೋರುವ ಕಾರ್ಟ್ರಿಜ್ಜನ್ನು ಸರಿಪಡಿಸದೆ ಪ್ರಿಂಟರ್ ಒರೆಸುವುದು ಸೋರುವ ಮಾಡಿನ ಕೆಳಗೆ ನೆಲ ಒರೆಸಿದಂತೆ.

ಕಾಗದ ಸಿಕ್ಕಿಕೊಂಡಾಗ ಕೈಗೂ ಬಟ್ಟೆಗೂ ಹತ್ತುವುದು ಮೂರನೆಯ ಬಗೆ. ಫ್ಯೂಸರ್ ತಲುಪದ ಹಾಳೆಯ ಮೇಲಿನ ಅಕ್ಷರ ಇನ್ನೂ ಪುಡಿಯಾಗಿಯೇ ಇರುತ್ತದೆ, ಬೆರಳು ತಾಕಿದರೆ ಅಳಿಸುತ್ತದೆ. ಅಂಥ ಹಾಳೆಯನ್ನು ಒಳಮುಖವಾಗಿ ಮಡಚಿಯೇ ಹೊರತೆಗೆಯಬೇಕು.

ಮೊದಲ ಐದು ನಿಮಿಷ

ಪುಡಿ ಚೆಲ್ಲಿದ ಕೂಡಲೇ ಮಾಡಬೇಕಾದದ್ದು ಒರೆಸುವುದಲ್ಲ, ಗಾಳಿ ನಿಲ್ಲಿಸುವುದು. ಫ್ಯಾನ್ ಆರಿಸಬೇಕು. ರಸ್ತೆಗೆ ತೆರೆದ ಅಂಗಡಿಯಾದರೆ ಶಟರನ್ನು ಅರ್ಧಕ್ಕೆ ಇಳಿಸಬೇಕು. ಮಕ್ಕಳನ್ನು, ಉಬ್ಬಸ ಇರುವವರನ್ನು ಹೊರಗೆ ಕಳಿಸಬೇಕು. ಮೇಲೆದ್ದ ಪುಡಿ ಕೂರುವವರೆಗೆ ಐದು ನಿಮಿಷ ಯಾರೂ ಓಡಾಡಬಾರದು. ಶುಚಿ ಮುಗಿದ ಮೇಲೆ ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಬೇಕು. ಈ ಎರಡರ ಕ್ರಮ ಅದಲುಬದಲಾದರೆ ಒಂದು ಮೇಜಿನ ಪುಡಿ ಇಡೀ ಕೋಣೆಯದಾಗುತ್ತದೆ.

ಮೂಗು ಬಾಯಿಗೆ ಎನ್95 ಮಾಸ್ಕ್, ಕೈಗೆ ತೆಳು ರಬ್ಬರ್ ಗ್ಲೌಸ್ ಸಾಕು. ಜೊತೆಗೆ ಹಳೆಯ ದಿನಪತ್ರಿಕೆ, ಗಟ್ಟಿ ವಿಸಿಟಿಂಗ್ ಕಾರ್ಡ್, ಬಳಸದ ಒಂದಿಂಚಿನ ಮೆತ್ತನೆ ಪೇಂಟ್ ಬ್ರಷ್, ನೂಲು ಬಿಡದ ಹತ್ತಿಯ ತುಂಡು ಬಟ್ಟೆಗಳು, ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಎರಡು ಪಾಲಿಥೀನ್ ಚೀಲ ಬೇಕಾಗುತ್ತವೆ.

ಇನ್ನು ಬಳಸಬಾರದ ಸಲಕರಣೆಗಳು. ಮನೆಯ ವ್ಯಾಕ್ಯೂಮ್ ಕ್ಲೀನರ್‌ನ ಚೀಲ ಇಷ್ಟು ನುಣುಪಾದ ಕಣವನ್ನು ತಡೆಯುವುದಿಲ್ಲ, ಮುಂದಿನಿಂದ ಹೀರಿದ್ದನ್ನು ಹಿಂದಿನಿಂದ ಊದುತ್ತದೆ. ಅದಕ್ಕಿಂತ ದೊಡ್ಡ ಆತಂಕ ಬೆಂಕಿಯದು. ಟೋನರ್ ನುಣುಪಾದ ಪ್ಲಾಸ್ಟಿಕ್ ಪುಡಿಯಾದ್ದರಿಂದ ದಟ್ಟವಾಗಿ ಗಾಳಿಯಲ್ಲಿ ಬೆರೆತಾಗ ಕಿಡಿ ತಾಕಿದರೆ ಹೊತ್ತಿಕೊಳ್ಳಬಲ್ಲದು, ಮತ್ತು ಮೋಟರಿನ ಕಿಡಿಯೂ ಪ್ಲಾಸ್ಟಿಕ್ ಕೊಳವೆಯ ಸ್ಥಿರವಿದ್ಯುತ್ತೂ ಕಿಡಿಯೇ. ಟೋನರ್‌ಗೆಂದೇ ತಯಾರಾದ, ಸೂಕ್ಷ್ಮ ಫಿಲ್ಟರ್ ಇರುವ ವ್ಯಾಕ್ಯೂಮ್ ಬೇರೆ, ಅದನ್ನು ಬಳಸಬಹುದು. ಕಂಪ್ಯೂಟರ್ ರಿಪೇರಿಯ ಬ್ಲೋಅರ್, ಪಂಕ್ಚರ್ ಅಂಗಡಿಯ ಗಾಳಿ, ಬಾಯಿಯ ಊದು ಮೂರೂ ಬೇಡ. ತೆಂಗಿನ ಗರಿ ಪೊರಕೆಯೂ ಬೇಡ.

ಮೇಜು ಮತ್ತು ನೆಲ

ಒಂದು ಮಾದರಿ ಸಂದರ್ಭದಿಂದ ಕ್ರಮವನ್ನು ವಿವರಿಸಬಹುದು. ಏಪ್ರಿಲ್ ಮಧ್ಯಾಹ್ನ, ಶ್ರೀನಿವಾಸಪುರದಂಥ ಪಟ್ಟಣದ ಒಂದು ಜೆರಾಕ್ಸ್ ಅಂಗಡಿ. 12ಎ ಕಾರ್ಟ್ರಿಜ್‌ಗೆ ಪುಡಿ ತುಂಬುವಾಗ ಬಾಟಲಿ ವಾಲಿ, ಎರಡು ಚಮಚದಷ್ಟು ಪುಡಿ ಸನ್ಮೈಕಾ ಹೊದಿಸಿದ ಮೇಜಿನ ಮೇಲೆ ಬೀಳುತ್ತದೆ. ಪಕ್ಕದ ಲೇಸರ್‌ಜೆಟ್ 1020 ಪ್ರಿಂಟರ್‌ನ ತೆರೆದ ಬಾಯಿಗೂ ಕೆಲಸಗಾರನ ಅಂಗಿಯ ತೋಳಿಗೂ ಸ್ವಲ್ಪ ಹಾರುತ್ತದೆ.

ಫ್ಯಾನ್ ಆರಿಸಿ ಐದು ನಿಮಿಷ ಕಾದ ಮೇಲೆ ಕೈ ಹಾಕಬೇಕಾದದ್ದು ಗುಡ್ಡೆಯಾಗಿ ಬಿದ್ದಲ್ಲಿಗೆ. ಪತ್ರಿಕೆಯ ಹಾಳೆಯೊಂದರ ಅಂಚನ್ನು ಮೇಜಿಗೆ ಒತ್ತಿ ಹಿಡಿದು, ವಿಸಿಟಿಂಗ್ ಕಾರ್ಡಿನಿಂದ ಪುಡಿಯನ್ನು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಎಳೆಯಬೇಕು. ದೂಡಿದರೆ ಪುಡಿ ಮುಂದಕ್ಕೆ ಚಿಮ್ಮುತ್ತದೆ, ಎಳೆದರೆ ಚಿಮ್ಮುವುದಿಲ್ಲ. ಹಾಳೆಯನ್ನು ಒಳಮುಖವಾಗಿ ಎರಡು ಸಲ ಮಡಚಿ ನೇರ ಚೀಲಕ್ಕೆ ಹಾಕಬೇಕು. 12ಎ ಪುಡಿಗೆ ಆಯಸ್ಕಾಂತವೂ ಒದಗುತ್ತದೆ. ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಪಾಲಿಥೀನ್ ಚೀಲದೊಳಗಿಟ್ಟು ಮೇಜಿನ ಮೇಲೆ ಅರ್ಧ ಸೆಂಟಿಮೀಟರ್ ಎತ್ತರದಲ್ಲಿ ಹಾಯಿಸಿದರೆ ಪುಡಿ ಎದ್ದು ಚೀಲಕ್ಕೆ ಅಂಟುತ್ತದೆ. ಬಳಿಕ ಚೀಲವನ್ನು ಒಳಹೊರಗು ಮಾಡಿ ಆಯಸ್ಕಾಂತವನ್ನು ಬೇರೆ ಮಾಡಿದರೆ ಪುಡಿ ಚೀಲದೊಳಗೆ ಉಳಿಯುತ್ತದೆ. ಮೇಜಿನ ಅಂಚುಪಟ್ಟಿಯ ಸಂದು, ಸ್ಕ್ರೂ ತಲೆಯ ಗುಳಿಗಳಿಗೆ ಇದಕ್ಕಿಂತ ಸುಲಭದ ಉಪಾಯವಿಲ್ಲ. ಆಯಸ್ಕಾಂತವನ್ನು ಹಾರ್ಡ್ ಡಿಸ್ಕ್ ಮತ್ತು ಎಟಿಎಂ ಕಾರ್ಡುಗಳಿಂದ ದೂರವಿಡಬೇಕು.

ಗುಡ್ಡೆ ಹೋಗಿ ತೆಳು ಕಪ್ಪು ಪೊರೆ ಉಳಿದ ಮೇಲಷ್ಟೇ ನೀರಿನ ಸರದಿ. ತಣ್ಣೀರಿಗೆ ಪಾತ್ರೆ ಲಿಕ್ವಿಡ್ಡಿನ ಎರಡು ಹನಿ ಬೆರೆಸಿ, ಬಟ್ಟೆ ಅದ್ದಿ, ಹನಿ ಉದುರದಂತೆ ಹಿಂಡಬೇಕು. ಒಂದೇ ದಿಕ್ಕಿಗೆ ಒಮ್ಮೆ ಒರೆಸಿ ಬಟ್ಟೆಯ ಮಡಿಕೆ ತಿರುವಿ ಹೊಸ ಮುಖದಿಂದ ಮತ್ತೊಮ್ಮೆ ಒರೆಸಬೇಕು. ಸುತ್ತಿಸುತ್ತಿ ಉಜ್ಜುವುದು ಸಾಮಾನ್ಯ ಅಭ್ಯಾಸ, ಆದರೆ ಅದು ಪುಡಿಯನ್ನು ಮೇಲ್ಮೈಗೆ ತೀಡುತ್ತದೆ. ಲಿಕ್ವಿಡ್ ಬೇಕಾಗುವುದು ನೀರು ದೂಡುವ ಸಿಲಿಕದ ಲೇಪವನ್ನು ದಾಟಿ ಕಣವನ್ನು ತೋಯಿಸಲು. ಬಿಳಿ ಟಿಶ್ಯೂ ಒತ್ತಿ ತೆಗೆದಾಗ ಬೂದು ಛಾಯೆ ಕಾಣದಿದ್ದರೆ ಮೇಜು ಶುಚಿಯಾಯಿತೆಂದು ತಿಳಿಯಬಹುದು.

ಪಾಲಿಷ್ ಇಲ್ಲದ ಪ್ಲೈವುಡ್, ಒರಟು ಕಡಪ ಕಲ್ಲು, ಸಿಮೆಂಟ್ ನೆಲಗಳ ರಂಧ್ರಕ್ಕೆ ಪುಡಿ ಇಳಿಯುತ್ತದೆ. ಅಲ್ಲಿ ಒಣ ಹಂತವನ್ನು ಎರಡು ಮೂರು ಸಲ ಮಾಡಿ, ಕೊನೆಗೆ ಒದ್ದೆ ಬಟ್ಟೆಯನ್ನು ಉಜ್ಜದೆ ಒತ್ತಿ ಎತ್ತಬೇಕು. ಮರದಲ್ಲಿ ಸ್ವಲ್ಪ ಕಲೆ ಉಳಿಯುವುದುಂಟು.

ಪ್ರಿಂಟರ್‌ನ ಒಳಭಾಗ

ಸ್ವಿಚ್ ಆರಿಸಿ, ವೈರನ್ನು ಗೋಡೆಯ ಪ್ಲಗ್ಗಿನಿಂದ ಕಿತ್ತು, ಅರ್ಧ ಗಂಟೆ ಬಿಡಬೇಕು. ಫ್ಯೂಸರ್ ತಣಿಯಲು ಅಷ್ಟು ಹೊತ್ತು ಬೇಕು. ಬಿಸಿ ಫ್ಯೂಸರ್ ಕೈ ಸುಡುವುದು ಒಂದು ತೊಂದರೆಯಾದರೆ, ಅದರತ್ತ ಸರಿದ ಪುಡಿ ಅಲ್ಲೇ ಕರಗಿ ಗಟ್ಟಿಯಾಗುವುದು ಇನ್ನೊಂದು.

ಮುಚ್ಚಳ ತೆರೆದು ಕಾರ್ಟ್ರಿಜ್ ಹೊರತೆಗೆದು ಪತ್ರಿಕೆಯ ಮೇಲಿಟ್ಟು, ಮೇಲೆ ದಪ್ಪ ಬಟ್ಟೆ ಮುಚ್ಚಬೇಕು. ಅದರ ಹಸಿರು ಅಥವಾ ನೀಲಿ ಹೊಳಪಿನ ಡ್ರಮ್ ಬೆಳಕಿಗೆ ಸ್ಪಂದಿಸುವ ಪದರ ಹೊತ್ತದ್ದು. ಬಿಸಿಲಿಗಂತೂ ಒಡ್ಡಲೇಬಾರದು. ಡ್ರಮ್ಮನ್ನು ಬೆರಳಿನಿಂದ ಮುಟ್ಟಬಾರದು, ಸ್ಪಿರಿಟ್‌ನಿಂದ ಒರೆಸಬಾರದು. ಕಾರ್ಟ್ರಿಜ್‌ನ ಹೊರಮೈಯ ಪುಡಿಯನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು.

ಕಾರ್ಟ್ರಿಜ್ ಕೂರುವ ಗುಂಡಿಯನ್ನು ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ, ಬಾಯಿಗೆ ಒತ್ತಿ ಹಿಡಿದ ಪತ್ರಿಕೆಯ ಕಡೆಗೆ, ಹಗುರವಾಗಿ ಎಳೆಯಬೇಕು. ನಡುನಡುವೆ ಬ್ರಷ್ಷನ್ನು ಒಣಬಟ್ಟೆಯ ಮಡಿಕೆಯಲ್ಲಿ ಸವರಿ ಪುಡಿ ತೆಗೆಯಬೇಕು, ಬಡಿದು ಉದುರಿಸಬಾರದು. ಗುಂಡಿಯ ತಳದಲ್ಲಿ ಅಡ್ಡಲಾಗಿ ಕಪ್ಪು ಸ್ಪಂಜಿನ ರೋಲರ್ ಒಂದಿದೆ, ಅದು ಪುಡಿಯನ್ನು ಡ್ರಮ್ಮಿನಿಂದ ಕಾಗದಕ್ಕೆ ಸೆಳೆಯುವ ಟ್ರಾನ್ಸ್‌ಫರ್ ರೋಲರ್. ಬೆರಳಿನ ಎಣ್ಣೆಯ ಗುರುತು ಅದರ ಮೇಲೆ ಉಳಿದರೆ ಮುದ್ರಣದಲ್ಲಿ ಆ ಜಾಗ ತೆಳುವಾಗುತ್ತದೆ. ನೀರಾಗಲಿ ಸ್ಪಿರಿಟ್ ಆಗಲಿ ತಾಕಿದರೆ ಸ್ಪಂಜೇ ಕೆಡುತ್ತದೆ. ಆದ್ದರಿಂದ ಅದರ ಮೇಲೆ ಬಿದ್ದ ಪುಡಿಯನ್ನು ಒಣ ಬ್ರಷ್ಷಿನ ತುದಿಯಿಂದ ತಾಕಿತಾಕದಂತೆ ಸವರಿ ಬಿಡಬೇಕು, ಉಳಿದದ್ದನ್ನು ಕಾಗದವೇ ಎಳೆದೊಯ್ಯುತ್ತದೆ. ಪಕ್ಕದ ಗಿಯರುಗಳಿಗೆ ಗ್ರೀಸ್ ಇರುವುದರಿಂದ ಅಲ್ಲಿ ಬ್ರಷ್ ಆಡಿಸಿದರೆ ಪುಡಿ ಗ್ರೀಸಿನಲ್ಲಿ ಕಲಸಿ ಅಂಟಾಗುತ್ತದೆ. ಅವನ್ನು ಬಿಟ್ಟುಬಿಡುವುದೇ ಲೇಸು.

ಕೆಲಸ ಸರಿಯಾಯಿತೇ ಎಂಬುದನ್ನು ಕಾಗದ ಹೇಳುತ್ತದೆ. ಕಾರ್ಟ್ರಿಜ್ ಮರಳಿ ಕೂರಿಸಿ, ಖಾಲಿ ಕಡತವೊಂದರ ಐದಾರು ಪುಟ ಮುದ್ರಿಸಬೇಕು. ಡ್ರೈವರಿನಲ್ಲಿ ಕ್ಲೀನಿಂಗ್ ಪೇಜ್ ಆಯ್ಕೆ ಇರುವ ಮಾದರಿಗಳಲ್ಲಿ ಅದನ್ನೂ ಒಮ್ಮೆ ಓಡಿಸಬೇಕು. ಮೊದಲ ಹಾಳೆಯ ಹಿಂಬದಿಯಲ್ಲಿ ಕಪ್ಪು ಮಸಕು ಇದ್ದು, ಪ್ರತಿ ಹಾಳೆಗೂ ತಿಳಿಯಾಗುತ್ತ ಹೋದರೆ ಅದು ಚೆಲ್ಲಿದ ಪುಡಿಯ ಉಳಿಕೆ, ಚಿಂತೆಯಿಲ್ಲ. ತಿಳಿಯಾಗದೆ ಹಾಗೇ ಮುಂದುವರಿದರೆ ಎಲ್ಲೋ ಸೋರುತ್ತಿದೆ. ಉದ್ದಕ್ಕೆ ತೆಳು ಬಿಳಿ ಪಟ್ಟೆ ಬಂದರೆ ಲೇಸರ್ ಹೊರಬರುವ ಗಾಜಿನ ಕಿಂಡಿಯ ಮೇಲೆ ಪುಡಿ ಕೂತಿರಬಹುದು. ಪ್ಲಗ್ ಕಿತ್ತು, ಕಿಂಡಿ ಕೈಗೆ ಎಟುಕುವ ಮಾದರಿಯಲ್ಲಿ ಮಾತ್ರ, ಒಣ ಬಟ್ಟೆಯಿಂದ ಒಂದು ಬಾರಿ ಒರೆಸಬೇಕು. ಸುಮಾರು 75 ಮಿಲಿಮೀಟರಿಗೊಮ್ಮೆ ಅದೇ ಚುಕ್ಕೆ ಮರುಕಳಿಸಿದರೆ ಅದು 12ಎ ಡ್ರಮ್ಮಿನ ಸುತ್ತಳತೆ. ಡ್ರಮ್ಮಿಗೆ ಗಾಯವಾಗಿದೆ, ಒರೆಸಿದರೆ ಹೋಗದು. ಅಕ್ಷರ ಬೆರಳಿಗೆ ಅಳಿಸಿ ಬಂದರೆ ದೋಷ ಫ್ಯೂಸರಿನದು ಅಥವಾ ಆ ಯಂತ್ರಕ್ಕೆ ಹೊಂದದ ಪುಡಿಯದು.

ಕೈ, ಕಣ್ಣು, ಉಸಿರು

ಕೈಗೆ ಹತ್ತಿದ ಪುಡಿಯನ್ನು ಮೊದಲು ಒಣ ಟಿಶ್ಯೂವಿನಿಂದ ಒತ್ತಿ ತೆಗೆದು, ಆಮೇಲೆ ಹರಿಯುವ ತಣ್ಣೀರಿನಡಿ ಹಿಡಿದು, ಆಮೇಲೆ ಸೋಪು ಹಚ್ಚಬೇಕು. ಬಿಸಿನೀರಿನಲ್ಲಿ ರಾಳದ ಅಂಟು ಹೆಚ್ಚುತ್ತದೆ. ಸ್ಯಾನಿಟೈಸರ್, ಪೆಟ್ರೋಲ್, ಥಿನ್ನರ್‌ಗಳು ರಾಳವನ್ನು ಮೆತ್ತಗಾಗಿಸಿ ಕಪ್ಪನ್ನು ಚರ್ಮದ ಗೆರೆಗಳಿಗೆ ಇಳಿಸುತ್ತವೆ. ಥಿನ್ನರ್ ಚರ್ಮಕ್ಕೂ ಕೆಟ್ಟದ್ದು.

ಕೋಲಾರ ಜಿಲ್ಲೆಯಲ್ಲಿ ಇಲ್ಲೊಂದು ತೊಡಕು ಸೇರಿಕೊಳ್ಳುತ್ತದೆ. ಆಳದ ಬೋರ್‌ವೆಲ್ಲಿನ ನೀರು ಗಡಸು. ಅದರಲ್ಲಿ ಸ್ನಾನದ ಸೋಪು ನೊರೆ ಬರುವ ಬದಲು ಬಿಳಿ ಜಿಡ್ಡಾಗುತ್ತದೆ, ಆ ಜಿಡ್ಡು ಕರಿಕಣಗಳನ್ನು ಹಿಡಿದುಕೊಂಡು ಉಗುರಂಚಿನಲ್ಲಿ ಕೂರುತ್ತದೆ. ಗಡಸುನೀರಿನಲ್ಲಿ ಪಾತ್ರೆ ಲಿಕ್ವಿಡ್ ಅಥವಾ ಹ್ಯಾಂಡ್‌ವಾಷ್ ಸೋಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಉಗುರಿಗೆ ಹಳೆಯ ಟೂತ್‌ಬ್ರಷ್ ಸಾಕು. ಕೈ ಶುಚಿಯಾಗುವವರೆಗೆ ಊಟ, ಬೀಡಿ, ಎಲೆಅಡಿಕೆ ಬೇಡ. ಬೆರಳಚ್ಚು ತೆಗೆಯುವ ಯಂತ್ರವನ್ನೂ ಮುಟ್ಟಬಾರದು, ಗಾಜಿನ ಮೇಲಿನ ಕಪ್ಪು ಮುಂದಿನವರ ಬೆರಳಚ್ಚು ಹೊಂದದಂತೆ ಮಾಡಬಲ್ಲದು.

ಕಣ್ಣಿಗೆ ಬಿದ್ದರೆ ಉಜ್ಜಲೇಬಾರದು. ಶುದ್ಧ ನೀರನ್ನು ಮೆಲ್ಲನೆ ಹರಿಯಬಿಟ್ಟು ಕನಿಷ್ಠ 15 ನಿಮಿಷ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಸುಲಭವಾಗಿ ಬರುವುದಾದರೆ ತೆಗೆಯಬೇಕು. ಉರಿ, ಕೆಂಪು ಉಳಿದರೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಮೂಗಿಗೆ ಹೋದವರು ಬಯಲಿಗೆ ಬಂದು ಉಸಿರಾಡಬೇಕು, ಮೂಗು ಸೀನಿ ತೊಳೆದುಕೊಳ್ಳಬೇಕು. ಕೆಮ್ಮು ನಿಲ್ಲದಿದ್ದರೆ, ಎದೆ ಬಿಗಿದರೆ, ಉಬ್ಬಸ ಇದ್ದರೆ ವೈದ್ಯರ ಬಳಿಗೆ ಹೋಗಬೇಕು. ಬಾಯಿಗೆ ಹೋಗಿದ್ದರೆ ಬಾಯಿ ಮುಕ್ಕಳಿಸಿ ಒಂದೆರಡು ಲೋಟ ನೀರು ಕುಡಿಯಬೇಕು.

ಒಮ್ಮೆ ಚೆಲ್ಲಿದ ಪುಡಿ ವಿಷವೆಂದು ಹೆದರಬೇಕಿಲ್ಲ. ದಿನವೂ ಹತ್ತಾರು ಕಾರ್ಟ್ರಿಜ್ ಬಿಚ್ಚುವವರ ಸಂಗತಿ ಬೇರೆ. ಟೋನರಿನ ಒಂದು ಅಂಶವಾದ ಕಾರ್ಬನ್ ಬ್ಲ್ಯಾಕನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ 2ಬಿ ಗುಂಪಿನಲ್ಲಿ ಇರಿಸಿದೆ. ಪ್ರಾಣಿಗಳ ಮೇಲಿನ ಪ್ರಯೋಗಗಳು ಈ ವರ್ಗೀಕರಣಕ್ಕೆ ಮುಖ್ಯ ಆಧಾರ, ಮನುಷ್ಯರಲ್ಲಿ ಪುರಾವೆ ಸಾಲದು. ಟೋನರಿನಲ್ಲಿ ಆ ಕಪ್ಪು ರಾಳದೊಳಗೆ ಹುದುಗಿರುತ್ತದೆ ಎಂಬುದೂ ನಿಜ. ಆದರೂ ನುಣುಪಾದ ಯಾವ ಪುಡಿಯನ್ನಾದರೂ ವರ್ಷಗಟ್ಟಲೆ ಉಸಿರಾಡುವುದು ಶ್ವಾಸಕೋಶಕ್ಕೆ ಭಾರ. ರೀಫಿಲ್ ಕೆಲಸದವರಿಗೆ ಮಾಸ್ಕ್ ಅನಿವಾರ್ಯ ಉಪಕರಣ.

ಬಟ್ಟೆ

ಬಟ್ಟೆಯ ಮೇಲೆ ಪುಡಿ ಕಂಡ ಕೂಡಲೇ ಕೈ ಒದ್ದೆ ಮಾಡಿಕೊಂಡು ಉಜ್ಜುವುದು ಎಲ್ಲರೂ ಮಾಡುವ ತಪ್ಪು. ಅದು ಮೇಲೆ ಕೂತಿದ್ದ ಪುಡಿಯನ್ನು ನೂಲಿನ ನಡುವೆ ತುರುಕುತ್ತದೆ. ಬಯಲಿಗೆ ಹೋಗಿ, ಗಾಳಿ ಬೆನ್ನ ಹಿಂದಿನಿಂದ ಬರುವಂತೆ ನಿಂತು, ಗುಂಡಿ ಬಿಚ್ಚಿ ಅಂಗಿ ತೆಗೆಯಬೇಕು. ತಲೆಯ ಮೇಲಿಂದ ತೆಗೆಯಬೇಕಾದ ಟಿ-ಶರ್ಟ್, ಚೂಡಿದಾರ್‌ಗಳನ್ನು ಪುಡಿ ಇರುವ ಭಾಗ ಒಳಕ್ಕೆ ಬರುವಂತೆ ಸುರುಳಿ ಸುತ್ತಿಕೊಂಡೇ ತೆಗೆಯಬೇಕು, ಇಲ್ಲವಾದರೆ ಮುಖದ ಮೇಲೆಯೇ ಉದುರುತ್ತದೆ. ಬಟ್ಟೆಯನ್ನು ಮೈಯಿಂದ ದೂರ ಹಿಡಿದು ಚೆನ್ನಾಗಿ ಕೊಡವಬೇಕು. ಹತ್ತಿಬಟ್ಟೆಯಲ್ಲಿ ಉಳಿದದ್ದನ್ನು ಸೆಲ್ಲೋಟೇಪಿನ ಅಂಟುಮುಖವನ್ನು ಮೆಲ್ಲಗೆ ತಾಕಿಸಿ ಎತ್ತಬಹುದು.

ಆಮೇಲೆ ಬೇರೆ ಬಟ್ಟೆಗಳೊಂದಿಗೆ ಸೇರಿಸದೆ, ಒಳಬದಿಯಿಂದ ತಣ್ಣೀರು ಹರಿಸಿ, ತಣ್ಣೀರಿನಲ್ಲೇ ಸೋಪಿನ ಪುಡಿ ಕದಡಿ ಒಗೆಯಬೇಕು. ಇಲ್ಲಿ ತಣ್ಣೀರು ಎಂಬುದನ್ನು ಅಕ್ಷರಶಃ ಗಮನಿಸಬೇಕು. ಬೇಸಿಗೆಯ ಮಧ್ಯಾಹ್ನ ತಾರಸಿಯ ಕಪ್ಪು ಸಿಂಟೆಕ್ಸ್ ಟ್ಯಾಂಕಿನಿಂದ ನಲ್ಲಿಯಲ್ಲಿ ಬರುವ ನೀರು ಕೈ ಸುಡುವಷ್ಟು ಕಾದಿರುತ್ತದೆ, ಬಿಸಿಲಿಗೆ ಬಿದ್ದ ಕೊಳವೆಯ ಮೊದಲ ನೀರಂತೂ ಇನ್ನೂ ಬಿಸಿ. ರಾಳ ಮೆತ್ತಗಾಗುವ ಮಟ್ಟಕ್ಕೆ ಅದು ಹತ್ತಿರ. ಕೊಡದಲ್ಲಿ, ತೊಟ್ಟಿಯಲ್ಲಿ ತುಂಬಿಟ್ಟ ನೀರು ಅಥವಾ ಬೆಳಗಿನ ನಲ್ಲಿ ನೀರು ಬಳಸಬೇಕು.

ಒಗೆದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಬೂದು ಛಾಯೆ ಉಳಿದಿದ್ದರೆ ಮತ್ತೆ ತಣ್ಣೀರಿನಲ್ಲೇ ಒಗೆಯಬೇಕು. ಕಲೆ ಪೂರ್ತಿ ಹೋಗುವವರೆಗೆ ಇಸ್ತ್ರಿ, ಬಿಸಿನೀರಿನ ವಾಷಿಂಗ್ ಮಷಿನ್, ಡ್ರೈಯರ್ ಯಾವುದೂ ತಾಕಬಾರದು. ಬಿಳಿಬಟ್ಟೆ ಬೇಯಿಸುವ ಅಗಸರಿಗೆ ಕೊಡುವುದಾದರೆ ಟೋನರ್ ಬಿದ್ದದ್ದನ್ನು ಹೇಳಿಯೇ ಕೊಡಬೇಕು. ಮಾದರಿ ಸಂದರ್ಭದ ಅಂಗಿಯ ತೋಳು ಹತ್ತಿಯದಾದರೆ, ಕೊಡವಿ ಎರಡು ಸಲ ಒಗೆದ ಮೇಲೆ ಕಲೆ ಉಳಿಯುವ ಸಂಭವ ಕಡಿಮೆ. ಪಾಲಿಯೆಸ್ಟರ್ ಮಿಶ್ರಿತವಾದರೆ ಸ್ಥಿರವಿದ್ಯುತ್ತಿನಿಂದ ಪುಡಿ ಬಿಡದೆ ಹಿಡಿದಿರುತ್ತದೆ, ಇನ್ನೊಂದು ಸಲ ಬೇಕಾಗಬಹುದು.

ರೇಷ್ಮೆಗೆ ಬೇರೆ ಕ್ರಮ. ರೇಷ್ಮೆ ಬೆಳೆಯುವ ಈ ಜಿಲ್ಲೆಯಲ್ಲಿ ಅದರ ಬೆಲೆ ಗೊತ್ತಿಲ್ಲದವರಿಲ್ಲ. ಸೀರೆಗೆ ಪುಡಿ ಬಿದ್ದರೆ ಹಗುರವಾಗಿ ಕೊಡವಿ ಅಲ್ಲಿಗೆ ನಿಲ್ಲಿಸಬೇಕು. ಟೇಪು ಜರಿಯನ್ನೂ ನೂಲನ್ನೂ ಎಬ್ಬಿಸುತ್ತದೆ, ಉಜ್ಜಿದರೆ ಹೊಳಪು ಹೋಗುತ್ತದೆ. ಇಸ್ತ್ರಿ ಮಾಡದೆ, ಮಡಿಸಿ ಒತ್ತದೆ, ಡ್ರೈಕ್ಲೀನಿಂಗ್‌ಗೆ ಕೊಟ್ಟು ಅದು ಶಾಯಿಯಲ್ಲ, ಟೋನರ್ ಎಂದು ತಿಳಿಸಬೇಕು. ಶಾಯಿ ತೆಗೆಯುವ ಕ್ರಮವೇ ಬೇರೆ.

ಈಗಾಗಲೇ ಇಸ್ತ್ರಿ ತಾಕಿ ಅಂಟಿದ್ದರೆ ಕಲೆ ಹೊಳೆಯುತ್ತದೆ, ಬೆರಳಿಗೆ ಗಟ್ಟಿ ಪದರವಾಗಿ ಸಿಗುತ್ತದೆ. ಅದು ಬಟ್ಟೆಯ ಮೇಲಿನ ಮುದ್ರಣವೇ ಸರಿ. ಉಗುರುಬಣ್ಣ ತೆಗೆಯುವ ಅಸಿಟೋನ್ ರಾಳವನ್ನು ಕರಗಿಸುತ್ತದಾದರೂ ಬಿಡುಗಡೆಯಾದ ಕಪ್ಪು ಸುತ್ತಲೂ ಹರಡುತ್ತದೆ. ಅಸಿಟೇಟ್ ಬಟ್ಟೆಯನ್ನು ಅಸಿಟೋನ್ ಕರಗಿಸಿಯೇ ಬಿಡುತ್ತದೆ, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ಪೂರ್ತಿ ಕಲೆ ಹೋಗುವ ಭರವಸೆ ಇಲ್ಲ.

ವಿಲೇವಾರಿ

ಪುಡಿಯಿರುವ ಪತ್ರಿಕೆ, ಟಿಶ್ಯೂ, ಗ್ಲೌಸುಗಳನ್ನು ಒಂದು ಪಾಲಿಥೀನ್ ಚೀಲದಲ್ಲಿ ಕಟ್ಟಿ, ಅದನ್ನು ಇನ್ನೊಂದರಲ್ಲಿ ಹಾಕಿ ಬಿಗಿಯಾಗಿ ಗಂಟು ಹಾಕಬೇಕು. ಚೀಲ ಕಟ್ಟುವಾಗ ಒಳಗಿನ ಗಾಳಿಯನ್ನು ಒತ್ತಿ ಹೊರಹಾಕಿದರೆ ಪುಡಿಯೂ ಅದರೊಂದಿಗೆ ಹೊರಬರುತ್ತದೆ, ಹಾಗೆ ಮಾಡಬಾರದು. ಹಳೆಯ ಪುಡಿಯನ್ನು ಚರಂಡಿಗೆ ಸುರಿದರೆ ತೇಲುತ್ತ ಹೋಗಿ ಇನ್ನೆಲ್ಲೋ ಅಂಟುತ್ತದೆ. ಕಸದ ರಾಶಿಯಲ್ಲಿ, ಒಲೆಯಲ್ಲಿ, ಇಟ್ಟಿಗೆ ಗೂಡಿನಲ್ಲಿ ಸುಡುವುದು ಅಪಾಯ. ಪುಡಿ ಕಿಡಿಕಿಡಿಯಾಗಿ ಹಾರಿ ಉರಿಯುತ್ತದೆ, ಕಾರ್ಟ್ರಿಜ್‌ನ ಪ್ಲಾಸ್ಟಿಕ್ ವಿಷಹೊಗೆ ಬಿಡುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್‌ಗಳು ಕಾರ್ಟ್ರಿಜ್ ಸಹಿತವಾಗಿಯೇ ಸೇರಿವೆ. ಹಾಳಾದ ಕಾರ್ಟ್ರಿಜ್ಜನ್ನು ಮಾರಿದವರಿಗೆ ಅಥವಾ ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಬೇಕು.

ಇಂದಿನ ಸ್ಥಿತಿ

ಬಾಟಲಿ ಪುಡಿ ಮತ್ತು 12ಎ, 88ಎ ಕಾರ್ಟ್ರಿಜ್‌ಗಳ ಬಳಕೆ ಸಣ್ಣ ಅಂಗಡಿಗಳಲ್ಲಿ ಇನ್ನೂ ಇದೆ, ಹೊಸ ಕಾರ್ಟ್ರಿಜ್‌ಗಿಂತ ರೀಫಿಲ್ ಬಹಳ ಅಗ್ಗ ಎಂಬುದೇ ಕಾರಣ. ಇಂಕ್ ಟ್ಯಾಂಕ್ ಪ್ರಿಂಟರ್‌ಗಳು ಬಂದ ಕಡೆ ಪುಡಿಯ ಕಾಟ ತಪ್ಪಿದೆ, ಅಲ್ಲಿ ಚೆಲ್ಲುವುದು ಶಾಯಿ, ಅದಕ್ಕೆ ಈ ಕ್ರಮ ಅನ್ವಯಿಸದು. 2019ರಲ್ಲಿ ಎಚ್‌ಪಿ ನೆವರ್‌ಸ್ಟಾಪ್ ಹೆಸರಿನ ಲೇಸರ್ ಪ್ರಿಂಟರ್‌ಗಳನ್ನು ತಂದಿತು. ಇವಕ್ಕೆ ಕಾರ್ಟ್ರಿಜ್ ಬಿಚ್ಚಬೇಕಿಲ್ಲ, ಸಿರಿಂಜಿನಂಥ ಮುಚ್ಚಿದ ಕೊಳವೆಯನ್ನು ಯಂತ್ರದ ಬಾಯಿಗೆ ಕೂರಿಸಿ ಒತ್ತಿದರೆ ಪುಡಿ ನೇರ ಒಳಗಿಳಿಯುತ್ತದೆ. ಹೊಸ ಪೀಳಿಗೆಯ ಟೋನರ್‌ಗಳಲ್ಲಿ ವಿದ್ಯುತ್ ಉಳಿತಾಯಕ್ಕಾಗಿ ಕರಗುವ ಶಾಖವನ್ನು ತಗ್ಗಿಸಲಾಗಿದೆ, ಕಣವನ್ನೂ ಇನ್ನಷ್ಟು ಸಣ್ಣದು ಮಾಡಲಾಗಿದೆ. ಇಂಥ ಪುಡಿ ಚೆಲ್ಲಿದಾಗ ಹಳೆಯ ಪುಡಿಗಿಂತ ಸುಲಭವಾಗಿ ಗಾಳಿಗೆ ಏಳುತ್ತದೆ, ಹಳೆಯದು ತಡೆದುಕೊಳ್ಳುತ್ತಿದ್ದ ಬೆಚ್ಚನೆಯ ನೀರಿಗೂ ಮೆತ್ತಗಾಗಿ ಅಂಟಿಕೊಳ್ಳಬಹುದು.